ಬೆಳ್ಳಿ ಬಣ್ಣದ ಏಣಿ

ಮೈಸೂರಿನಲ್ಲಿ ನಲವತ್ತೈದು ದಿನದ ಕೋರ್ಸ್ ಮುಗಿಸಿ ಬಂದ ಸುದೀಪ್, ಕೂಡ್ಲೂರಿನ ವರ್ಕ್‌ಶಾಪಿಗೆ ಕಾಲಿಟ್ಟ ದಿನವೇ ‘ಡಿಸೈನ್ ಹೆಡ್’ ಎಂದು ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡಿದ್ದ. ವರ್ಕ್‌ಶಾಪಿನಲ್ಲಿ ಡಿಸೈನ್ ಮಾಡುತ್ತಿದ್ದದ್ದು ಅವನೂ ಕಾವ್ಯಶ್ರೀಯೂ ಇಬ್ಬರೇ. ಹಾಗಾಗಿ ಅವನು ಯಾರಿಗೆ ಹೆಡ್ ಎಂದು ಕಾವ್ಯಶ್ರೀ ಬಹಳ ಯೋಚಿಸಬೇಕಾಗಲಿಲ್ಲ. ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷದಿಂದ ಅಲ್ಲೇ ಕಾಫಿ ಹಣ್ಣು ಸುಲಿಯುವ ಪಲ್ಪರ್, ಟ್ರಾಲಿ, ಗೇಟುಗಳ ಡ್ರಾಯಿಂಗ್ ಮಾಡುತ್ತಿದ್ದವಳಿಗೆ ಕಾರ್ಡ್ ಇರಲಿಲ್ಲ. ಮಾಲೀಕ ನಂದೀಶನ ಹೆಂಡತಿಗೆ ತಮ್ಮನಾಗಿ ಹುಟ್ಟುವ ಅರ್ಹತೆ ಅವಳಿಗೆಲ್ಲಿಂದ ಬರಬೇಕು?

ಚೆಟ್ಟಳ್ಳಿಯ ಒಂದು ಎಸ್ಟೇಟಿನವರು ಕಾಳುಮೆಣಸು ಕೊಯ್ಯಲು ಇಪ್ಪತ್ತೈದು ಏಣಿ ಕೇಳಿದ್ದರು. ಇಪ್ಪತ್ತು ಅಡಿಯ ಕಬ್ಬಿಣದ ಮಾದರಿಯೊಂದನ್ನು ಮೊದಲೇ ಮಾಡಿ ಕೊಟ್ಟಾಗಿತ್ತು. ಗಟ್ಟಿಯೇನೋ ಗಟ್ಟಿ, ಆದರೆ ಮೂವತ್ತೆಂಟು ಕಿಲೋ. ಇಳಿಜಾರಿನಲ್ಲಿ ಮರದಿಂದ ಮರಕ್ಕೆ ಅದನ್ನು ಹೊತ್ತವರು ಎಸ್ಟೇಟಿನ ಲೆಕ್ಕ ನೋಡುವ ರೈಟರ್ ತಿಮ್ಮಯ್ಯನವರಿಗೆ ಮುಖದ ಮೇಲೇ ಬೈದಿದ್ದರು. ಹಗುರವಾದದ್ದು ಬೇಕು ಎಂದು ತಿಮ್ಮಯ್ಯ ಹೇಳಿ ಕಳುಹಿಸಿದರು. ಆ ಕೆಲಸವನ್ನು ನಂದೀಶ ಭಾಮೈದನಿಗೆ ಒಪ್ಪಿಸಿದ. ಸುದೀಪ್ ಎರಡೇ ದಿನದಲ್ಲಿ ಮುಗಿಸಿ, ಅದೇ ಅಳತೆಯ ಅಲ್ಯೂಮಿನಿಯಂ ಪೈಪಿನಲ್ಲಿ ಒಂದು ಏಣಿಯನ್ನು ವೆಲ್ಡ್ ಮಾಡಿಸಿ, ಪಾಲಿಶ್ ಹಾಕಿಸಿ ಅಂಗಳದಲ್ಲಿ ಮಲಗಿಸಿದ.

ಬುಧವಾರ ಬೆಳಿಗ್ಗೆ ತಿಮ್ಮಯ್ಯ ಜೀಪಿನಲ್ಲಿ ಬಂದರು. ಜೊತೆಗೆ ಕರಿಯ, ಮೂವತ್ತು ವರ್ಷದಿಂದ ಬಳ್ಳಿ ಹಬ್ಬಿದ ಸಿಲ್ವರ್ ಮರಗಳನ್ನು ಹತ್ತಿ ಮೆಣಸು ಕೊಯ್ದ ಆಳು. ಹತ್ತಿ ನೋಡುವವನು ಅವನೇ.

ಸುದೀಪ್ ತಿಮ್ಮಯ್ಯನವರನ್ನು ಮೊದಲು ಗೋಡೆಯ ಟೀವಿಯ ಮುಂದೆ ಕೂರಿಸಿದ; ಕರಿಯ ಅಂಗಳದಲ್ಲೇ ಉಳಿದ. ಪರದೆಯ ಮೇಲೆ ಏಣಿ ಮದುವೆ ಮನೆಯ ಬೆಳ್ಳಿ ಚೊಂಬಿನ ಹಾಗೆ ಹೊಳೆಯುತ್ತ ತಿರುಗಿತು.

“ಸಾರ್, ಇದು ಅಲ್ಯೂಮಿನಿಯಂ. ನೂರು ಕಿಲೋ ಭಾರ ಇಟ್ಟ ಹಾಗೆ ಕಂಪ್ಯೂಟರಲ್ಲೇ ಸಿಮ್ಯುಲೇಶನ್ ಮಾಡಿದ್ದೀನಿ. ಕಬ್ಬಿಣದ್ದು ಐವತ್ತೆರಡು ಮಿಲಿಮೀಟರ್ ಬಾಗ್ತಿತ್ತು. ಇದೂ ಐವತ್ತೆರಡೇ! ಕಬ್ಬಿಣದಷ್ಟೇ ಗಟ್ಟಿ. ನಾನು ಹೇಳೋದಲ್ಲ, ಸಾಫ್ಟ್‌ವೇರೇ ಹೇಳ್ತಿದೆ.”

“ಭಾರಿ ಚೆನ್ನಾಗಾಯ್ತಲ್ಲ,” ಎಂದರು ತಿಮ್ಮಯ್ಯ. ನಂದೀಶನ ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತು.

ಹಿಂದೆ ನಿಂತಿದ್ದ ಕಾವ್ಯಶ್ರೀಗೆ ಮೊದಲು ನಗು ಬಂತು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೂರು ಪಟ್ಟು ಬಾಗುವ ಲೋಹ. ಅದೇ ಅಳತೆಯಲ್ಲಿ ಅಷ್ಟೇ ಬಾಗುವುದೆಂದರೆ ಲೋಹಶಾಸ್ತ್ರವೇ ಸುದೀಪನ ಕಾರ್ಡಿಗೆ ಹೆದರಿರಬೇಕು. ಆಮೇಲೆ, ಕಿಟಕಿಯಾಚೆ ಚಪ್ಪಲಿ ಬಿಟ್ಟು ಏಣಿಯ ಮೆಟ್ಟಿಲನ್ನು ಒತ್ತಿ ನೋಡುತ್ತಿದ್ದ ಕರಿಯ ಕಣ್ಣಿಗೆ ಬಿದ್ದ. ನಗು ಅಲ್ಲೇ ನಿಂತಿತು.

“ಸುದೀಪ್ ಅವ್ರೇ, ಏಣಿ ತೂಕ ಎಷ್ಟು ತೋರಿಸ್ತಿದೆ?” ಎಂದು ಕೇಳಿದಳು.

“ಹಗುರ ಇದೆ.”

“ಹಗುರ ಅಂದ್ರೆ ಎಷ್ಟು ಕಿಲೋ?”

ಅವನು ಒಲ್ಲದ ಮನಸ್ಸಿನಿಂದ ಒತ್ತಿದ. ಪರದೆಯ ಮೂಲೆಯಲ್ಲಿ ಮೂವತ್ತೆಂಟು ಎಂದು ಬಂತು.

ತಿಮ್ಮಯ್ಯ ಕನ್ನಡಕ ಸರಿಮಾಡಿಕೊಂಡರು. “ಅದು ಹಳೇ ಕಬ್ಬಿಣದ್ದರ ತೂಕ ಅಲ್ಲವಾ?”

“ತೂಕ ಇನ್ನೂ ಅಪ್‌ಡೇಟ್ ಆಗಿಲ್ಲ ಸಾರ್. ಒಮ್ಮೊಮ್ಮೆ ಹಂಗಾಗ್ತದೆ.”

“ತೂಕಕ್ಕೆ ಅಪ್‌ಡೇಟ್ ಇಲ್ಲ, ಬಾಗೋದಕ್ಕೆ ಮಾತ್ರ ಇದೆಯಾ?” ಎಂದಳು ಕಾವ್ಯಶ್ರೀ. “ನೀವು ಬದಲಾಯಿಸಿದ್ದು ಬಣ್ಣ. ಒಳಗೆ ಲೋಹ ಇನ್ನೂ ಕಬ್ಬಿಣ ಅಂತಲೇ ಇದೆ.”

“ಬಣ್ಣ ಅಲ್ಲ ಕಣ್ರೀ, ಬ್ರಷ್ಡ್ ಅಲ್ಯೂಮಿನಿಯಂ ಅಂತಲೇ ಆರಿಸಿದ್ದೀನಿ. ಗೆರೆ ಗೆರೆ ಕಾಣೋದಿಲ್ವಾ?”

“ಕಾವ್ಯ, ಗಿರಾಕಿ ಮುಂದೆ ಇದೆಲ್ಲ ಬೇಡ,” ಎಂದ ನಂದೀಶ.

“ಗಿರಾಕಿ ಮುಂದೆ ಬೇಡ ಅಂದ್ರೆ ಇನ್ನು ಗಿರಾಕಿ ಬಿದ್ದ ಮೇಲೆ ಮಾತಾಡಬೇಕು ನಂದೀಶಣ್ಣ.”

ಅವಳು ಮೌಸ್ ಕಸಿದುಕೊಂಡಳು. ಸುದೀಪ್ ಆರಿಸಿದ್ದ ಪಟ್ಟಿಯನ್ನೇ ತೆರೆದು ತೇಗದ ಮರ ಒತ್ತಿದಳು. ಏಣಿ ತೇಗವಾಯಿತು, ಮರದ ಎಳೆಗಳೂ ಮೂಡಿದವು. ಲೆಕ್ಕ ಮತ್ತೆ ಓಡಿಸಿದಳು: ತೂಕ ಮೂವತ್ತೆಂಟು, ಬಾಗು ಐವತ್ತೆರಡು. ಚಿನ್ನ ಒತ್ತಿದಳು. ಏಣಿ ಥಳಥಳ ಹೊಳೆಯಿತು: ಮೂವತ್ತೆಂಟು, ಐವತ್ತೆರಡು. ಗಾಜು ಒತ್ತಿದಳು. ಏಣಿಯ ಆಚೆಗಿನದೆಲ್ಲ ಕಂಡಿತು. ಸಂಖ್ಯೆಗಳು ಮಾತ್ರ ಕದಲಲಿಲ್ಲ.

ಒಳಗೆ ಬಂದು ಬಾಗಿಲಲ್ಲಿ ನಿಂತಿದ್ದ ಕರಿಯ ಗೊಳ್ಳೆಂದು ನಕ್ಕ. “ಎಮ್ಮೆಗೆ ಸುಣ್ಣ ಬಳಿದ್ರೆ ಹಸುವಿನ ಹಾಲು ಕೊಡ್ತದಾ?”

“ಅಷ್ಟೇ ವಿಷಯ,” ಎಂದಳು ಅವಳು. “ಈ ಪಟ್ಟಿ ನಮ್ಮ ಕಣ್ಣಿಗೆ. ಲೆಕ್ಕ ಇದನ್ನು ಓದೋದೇ ಇಲ್ಲ. ತೂಕ ಬರೋದು ಏಣಿಯ ಗಾತ್ರವನ್ನ ಲೋಹದ ಸಾಂದ್ರತೆಯಿಂದ ಗುಣಿಸಿ. ಬಾಗು ಬರೋದು ಆಕಾರ, ಭಾರ, ಲೋಹದ ಬಿಗಿ, ಅಂದ್ರೆ ಬಾಗದೆ ನಿಲ್ಲೋ ಗುಣ, ಇವುಗಳಿಂದ. ಸಾಂದ್ರತೆ, ಬಿಗಿ ಎಲ್ಲ ಇರೋದು ಇಲ್ಲಿ, ಮೆಟೀರಿಯಲ್ ಅನ್ನೋ ಬೇರೆ ಜಾಗದಲ್ಲಿ. ಇಲ್ಲಿ ಲೋಹ ಬದಲಾಯಿಸಿದ್ರೆ ಬಣ್ಣ ತಾನಾಗೇ ಬದಲಾಗಬಹುದು. ಬಣ್ಣ ಬದಲಾಯಿಸಿದ್ರೆ ಲೋಹ ಬದಲಾಗಲ್ಲ.”

ಅಲ್ಲಿ ‘ಮೈಲ್ಡ್ ಸ್ಟೀಲ್’ ಎಂದು, ಅಂದರೆ ಹಳೇ ಕಬ್ಬಿಣವೆಂದೇ ಬರೆದಿತ್ತು. ಸುದೀಪ್ ಆ ಸಾಲನ್ನು ಜೀವನದಲ್ಲಿ ಮೊದಲ ಸಲ ನೋಡಿದವನಂತೆ ನೋಡಿದ. ಬಹುಶಃ ನಿಜಕ್ಕೂ ಮೊದಲ ಸಲವೇ. ಅವಳು ಅದನ್ನು ಅಲ್ಯೂಮಿನಿಯಂ ಮಾಡಿ ಲೆಕ್ಕ ಓಡಿಸಿದಳು. ತೂಕ ಹದಿಮೂರಕ್ಕೆ ಇಳಿಯಿತು. ಬಾಗು ನೂರೈವತ್ತು ದಾಟಿತು.

“ಪೈಪಿನ ಮೇಲಿನ ಒತ್ತಡ ಹೆಚ್ಚುಕಮ್ಮಿ ಮೊದಲಿನಷ್ಟೇ,” ಎಂದಳು. “ಆದರೆ ಆ ಒತ್ತಡ ತಡೆಯೋ ಶಕ್ತಿ ಈ ಅಲ್ಯೂಮಿನಿಯಂಗೆ ಕಮ್ಮಿ. ವೆಲ್ಡ್ ಮಾಡಿದ ಕಡೆ ಇನ್ನೂ ಕಮ್ಮಿ.”

ನಂದೀಶ ಸೋಲು ಒಪ್ಪುವ ಜಾತಿಯವನಲ್ಲ. “ಕಂಪ್ಯೂಟರಿನದು ಕಂಪ್ಯೂಟರಿಗೆ. ಏಣಿ ಎದುರಿಗೇ ಇದೆ. ಕರಿಯ ಒಮ್ಮೆ ಹತ್ತಲಿ, ಗೊತ್ತಾಗ್ತದೆ.”

“ಹೌದು, ಹತ್ತಿಯೇ ನೋಡಬೇಕು. ಡಿಸೈನ್ ಹೆಡ್ ಮೊದಲು ಹತ್ತಲಿ,” ಎಂದಳು ಕಾವ್ಯಶ್ರೀ.

ಎಲ್ಲರೂ ಸುದೀಪನ ಕಡೆ ತಿರುಗಿದರು. ಅವನಿಗೆ ಸೊಂಟ ನೋವಿತ್ತಂತೆ. ನಿನ್ನೆಯಿಂದ.

ಯಾರೂ ಹತ್ತಲಿಲ್ಲ. ಅಂಗಳದಲ್ಲಿ ಏಣಿಯನ್ನು ಮೊದಲು ತೂಕದ ಯಂತ್ರದ ಮೇಲೆ ಇಟ್ಟರು: ಹದಿಮೂರು. ಸುದೀಪನ ಬೆಳ್ಳಿ ಚಿತ್ರ ಹೇಳಿದ್ದ ಮೂವತ್ತೆಂಟು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಆಮೇಲೆ ಎರಡು ತುದಿಗೆ ಸ್ಟ್ಯಾಂಡ್ ಕೊಟ್ಟು ಅಡ್ಡ ಮಲಗಿಸಿ, ಕರಿಯ ಮತ್ತು ತಿಮ್ಮಯ್ಯನವರ ಜೀಪಿನ ಡ್ರೈವರ್ ಸೇರಿ ನಡುವೆ ಐವತ್ತು ಕಿಲೋದ ಎರಡು ಮೂಟೆ ಇಟ್ಟರು. ಏಣಿ ತೊಟ್ಟಿಲಿನಂತೆ ಜೋತುಬಿತ್ತು. ಕಾವ್ಯಶ್ರೀ ಟೇಪ್ ಹಿಡಿದಳು. ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಮೂಟೆ ತೆಗೆದ ಮೇಲೂ ಏಣಿ ಪೂರ್ತಿ ನೇರವಾಗಲಿಲ್ಲ. ನಡುಮೆಟ್ಟಿಲಿನ ವೆಲ್ಡ್ ಬಳಿ ಎರಡು ಬೆರಳಿನಷ್ಟು ಸೊಟ್ಟ ಉಳಿದುಕೊಂಡಿತು.

ಕರಿಯ ಆ ಸೊಟ್ಟದ ಮೇಲೆ ಕೈಯಾಡಿಸಿದ. ಈಗ ಅವನು ನಗಲಿಲ್ಲ. “ಇದನ್ನ ನಂಗೆ ಹತ್ತಿಸ್ತಿದ್ರಲ್ಲಾ,” ಎಂದ, ಸುದೀಪನನ್ನೇ ನೋಡುತ್ತ. ಸುದೀಪ್ ಫೋನ್ ತೆಗೆದು ಬಾರದ ಕರೆಗೆ ಹಲೋ ಎಂದುಕೊಂಡು ಷೆಡ್ಡಿನ ಹಿಂದೆ ನಡೆದ.

“ಹಾಗಾದ್ರೆ ಅಲ್ಯೂಮಿನಿಯಂ ಆಗೋದೇ ಇಲ್ವಾ?” ಎಂದು ಕೇಳಿದರು ತಿಮ್ಮಯ್ಯ.

“ಆಗ್ತದೆ ಸಾರ್. ಪೈಪಿನ ಅಡ್ಡಗಾತ್ರ ದೊಡ್ಡದಾಗಬೇಕು. ಲೋಹದಲ್ಲಿ ಕಳೆದುಕೊಂಡ ಬಿಗಿಯನ್ನು ಆಕಾರದಲ್ಲಿ ತಗೋಬೇಕು. ತೂಕ ಇಪ್ಪತ್ತೊಂದರ ಹತ್ತಿರ ಬರ್ತದೆ.”

“ಡ್ರಾಯಿಂಗ್ ನೀವೇ ಮಾಡಿ, ಕೆಳಗೆ ನಿಮ್ಮದೇ ಸಹಿ ಇರಲಿ. ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ತೀನಿ,” ಎಂದು ತಿಮ್ಮಯ್ಯ ನಂದೀಶನಿಗೆ ಕೇಳುವಂತೆ ಹೇಳಿ ಜೀಪು ಹತ್ತಿದರು.

ಜೀಪು ಗೇಟು ದಾಟಿದ ಮೇಲೆ ನಂದೀಶ ಗೊಣಗಿದ. “ಮನೆಯ ಹುಡುಗ. ಅಷ್ಟು ಜನರ ಮುಂದೆ ಮಾನ ತೆಗೀಬಾರದಿತ್ತು ನೀನು.”

“ಮಾನಕ್ಕೆ ಬೇರೆ ಬಣ್ಣ ಹಚ್ಚಿಸಿ ನಂದೀಶಣ್ಣ, ಅದಂತೂ ಅವರಿಗೆ ಚೆನ್ನಾಗಿ ಬರ್ತದೆ,” ಎಂದು ಅವಳು ಟೇಪ್ ಸುತ್ತಿ ಒಳಗೆ ಹೋದಳು. ಬೆಳಿಗ್ಗೆ ತಾನು ತೂಕ ಕೇಳದೆ ನಕ್ಕು ಸುಮ್ಮನಾಗಿದ್ದರೆ ಎಂಬ ಯೋಚನೆ ಅವಳನ್ನು ಸಂಜೆಯವರೆಗೂ ಬಿಡಲಿಲ್ಲ.

ಹದಿನೈದು ದಿನಕ್ಕೆ ಹೊಸ ಮಾದರಿ ಏಣಿ ಚೆಟ್ಟಳ್ಳಿಗೆ ಹೋಯಿತು. ಅದಕ್ಕೆ ಯಾರೂ ಪಾಲಿಶ್ ಹಾಕಿರಲಿಲ್ಲ. ಅದೇ ನೂರು ಕಿಲೋಗೆ ಐವತ್ತು ಮಿಲಿಮೀಟರಿನ ಒಳಗೇ ಬಾಗಿತ್ತು. ಕಾವ್ಯಶ್ರೀ ಕೆಳಗೆ ನಿಂತು ನೋಡುತ್ತಿರುವಾಗ ಕರಿಯ ಒಂದೊಂದು ಮೆಟ್ಟಿಲಿಗೂ ಎರಡು ಸಲ ಕಾಲೊತ್ತಿ, ನಿಧಾನವಾಗಿ ಹತ್ತಿ, ಸೊಂಟದ ಚೀಲ ಮುಂದಕ್ಕೆಳೆದುಕೊಂಡು ಮೆಣಸಿನ ಮೊದಲ ಗೊಂಚಲಿಗೆ ಕೈ ಹಾಕಿದ.