ಎಂಟೇ ಸರಿ ಇತ್ತು

ನಂಗ ಮೂಗಿನ ತುದೀಗೇ ಸಿಟ್ಟು. "ಮರಿಲಿಂಗಾ, ನಿನ್ನ ಸಿಟ್ಟು ಒಂದಿನ ನಿನ್ನ ಅನ್ನ ತಿಂತದ ನೋಡು" ಅಂತ ನಮ್ಮವ್ವ ಅಂತಿದ್ಲು. ಅದು ನನ್ನ ಅನ್ನ ತಿನ್ನಲಿಲ್ಲ. ನಜೀಮಾನ ಡಿಗ್ರಿ ತಿಂತು.

ನಾ ಶಹಾಪುರದಾಗ ಒಂದು ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕ. ಬಿಸಿಎ ಹುಡುಗರಿಗೆ ಆಪರೇಟಿಂಗ್ ಸಿಸ್ಟಮ್ ಕಲಸ್ತೀನಿ. ನಜೀಮಾ ಕೆಂಭಾವಿಯಿಂದ ಬಸ್ಸಿಗೆ ಬರಾಕಿ, ಒಂದು ಕೂಸಿನ ತಾಯಿ. ನಡುವ ಲಗ್ನ, ಬಾಣಂತನ ಅಂತ ಓದು ಬಿಟ್ಟಿದ್ಲು. ಎಲ್ಲಾ ಪಾಸ್ ಮಾಡಿ ನನ್ನ ವಿಷಯ ಒಂದೇ ಉಳದಿತ್ತು. ಡಿಗ್ರಿ ಮುಗಸಾಕ ಕೊಟ್ಟ ಆರು ವರ್ಷದಾಗ ಇದೇ ಕಡೀ ಪರೀಕ್ಷಾ. ಅದಕ್ಕ ಕೂಡಬೇಕಂದ್ರ ಕಾಲೇಜಿನ ಟೆಸ್ಟಿನ್ಯಾಗ ಇಪ್ಪತ್ತಕ್ಕ ಎಂಟಾದ್ರೂ ಬರಬೇಕು.

ಮರುಟೆಸ್ಟಿಗೆ ಬಂದವರು ಇಬ್ಬರೇ, ಅಕಿ ಮತ್ತ ಶರಣಕುಮಾರ. ಝರಾಕ್ಸ್ ಮಷೀನು ಕೆಟ್ಟಿತ್ತು. ಪ್ರಶ್ನೆ ಎಲ್ಲಾ ಬೋರ್ಡ್ ಮ್ಯಾಲ ಬರದೆ. ಐದು ಮಾರ್ಕಿನ ಒಂದು ಲೆಕ್ಕ ಇತ್ತು: ಸಾಲಾಗಿ ಒಂದಿಷ್ಟು ಪೇಜಿನ ನಂಬರ್ ಕೊಟ್ಟೀನಿ, ಮೂರು ಫ್ರೇಮ್ ಅವ, ಎಲ್‌ಆರ್‌ಯು ಪ್ರಕಾರ ಪೇಜ್ ಫಾಲ್ಟ್ ಎಷ್ಟು? ತಿಳಿಯದವರಿಗೆ ನಾ ಹಿಂಗ ಹೇಳತಿರ್ತೀನಿ. ಮನ್ಯಾಗ ಮೂರೇ ಕುರ್ಚಿ, ಅವೇ ಫ್ರೇಮ್. ಕರದ ಪೇಜು ಕುರ್ಚಿ ಮ್ಯಾಲ ಇಲ್ಲಂದ್ರ ಹೊರಗಿಂದ ತರಬೇಕು, ಅದೊಂದು ಫಾಲ್ಟ್. ಕುರ್ಚಿ ಖಾಲಿ ಇಲ್ಲಂದ್ರ ಯಾರನ್ನ ಕರದು ಭಾಳ ಹೊತ್ತಾಗ್ಯದ, ಅವರನ್ನ ಎಬ್ಬಸಬೇಕು. ಇಷ್ಟೇ.

ಟೆಸ್ಟ್ ಮುಗೀತು. ಮುಂದಿನ ಕ್ಲಾಸಿನವರು ಬಂದು ಬೋರ್ಡ್ ಒರಸ್ತಾರಂತ ಬಾಗಲದಾಗ ನಿಂತು ಮೊಬೈಲಿನ್ಯಾಗ ಒಂದು ಫೋಟೋ ಹೊಡಕೊಂಡೆ. ಮಧ್ಯಾಹ್ನ ರೂಮಿಗೆ ಹೋಗಿ ಫೋಟೋ ನೋಡಿ ಲೆಕ್ಕ ಬಿಡಿಸಿದೆ. 2, 5, 1, 4, 5, 3, 2, 5, 1, 5. ಫಾಲ್ಟ್ ಏಳು. ಪೇಪರ್ ತೆಗದೆ. ನಜೀಮಾ ಎಂಟು ಬರದಾಳ. ಶರಣಕುಮಾರನೂ ಎಂಟು ಬರದಾನ. ಇಬ್ಬರ ಸಾಲಿನ್ಯಾಗೂ 1 ಆದಮ್ಯಾಲ, 4ಕ್ಕಿಂತ ಮೊದಲ, ಒಂದು ಹೆಚ್ಚಿನ 2!

ನನ್ನ ತಲಿ ಕೆಡ್ತು. ಒಂದೇ ಬೆಂಚ್, ಒಂದೇ ತಪ್ಪು. ಕಾಪಿ ಅಲ್ಲದ ಮತ್ತೇನು?

ಮರದಿನ ಇಬ್ಬರನ್ನೂ ಸ್ಟಾಫ್ ರೂಮಿಗೆ ಕರದು ಎಲ್ಲರ ಮುಂದ ಬೈದೆ. ಶರಣಕುಮಾರ ತಲಿ ತಗ್ಗಿಸಿದ. ನಜೀಮಾ ತಗ್ಗಿಸಲಿಲ್ಲ.

"ಸರ್, ಬೋರ್ಡ್ ಮ್ಯಾಲ ಎರಡು ಇತ್ರಿ. ನಾ ಪೇಪರ್ ಕೊಟ್ಟಮ್ಯಾಲ ಮನ್ಯಾಗ ತಾಳೆ ನೋಡಾಕಂತ ಫೋಟೋ ಹೊಡದೀನ್ರಿ. ಒಂದ್ಸಲ ನೋಡ್ರಿ" ಅಂತ ಮೊಬೈಲ್ ತೆಗದ್ಲು.

"ಬೋರ್ಡ್ ಮ್ಯಾಲ ಬರದಾಂವ ನಾನು! ನಂಗ ಕಲಸಾಕ ಬರ್ತೀಯೇನು? ಪರೀಕ್ಷಾ ರೂಮಿನ್ಯಾಗ ಮೊಬೈಲ್ ಬ್ಯಾರೆ ತೆಗದಿ? ಅದಕ್ಕೊಂದು ಕೇಸ್ ಹಾಕ್ಲೇನು?" ಅಂದೆ.

ಅಕಿ ಮೊಬೈಲ್ ಚೀಲದಾಗ ಇಟ್ಕೊಂಡು ಹೋದ್ಲು. ಆ ಲೆಕ್ಕಕ್ಕ ಇಬ್ಬರಿಗೂ ಸೊನ್ನಿ ಹಾಕಿದೆ. ಶರಣಕುಮಾರ ಹೆಂಗೋ ಎಂಟು ದಾಟಿದ, ನಜೀಮಾಗ ಒಟ್ಟು ಐದು ಬಂತು. ಶುಕ್ರವಾರ ಸಂಜಿ ಐದಕ್ಕ ವಿಶ್ವವಿದ್ಯಾಲಯದ ಪೋರ್ಟಲ್ ಮುಚ್ಚೋದಿತ್ತು. ನಾಕೂವರಿಗೇ ಮಾರ್ಕ್ಸ್ ಏರಿಸಿ ಚಾ ಕುಡ್ಯಾಕ ಹೋದೆ. ದೊಡ್ಡ ಶಿಸ್ತಿನ ಮಾಸ್ತರ ನಾನು, ನೋಡ್ರಿ!

ಸೋಮವಾರ ಹಾಲ್‌ಟಿಕೆಟ್ ಕೊಡಾಕತ್ತಿದ್ರು. ನಜೀಮಾಂದು ಬಂದಿರಲಿಲ್ಲ. ಅಕಿ ಸೀದಾ ನನ್ನ ಟೇಬಲ್ ಹತ್ರ ಬಂದು ಮೊಬೈಲ್ ನನ್ನ ಮುಂದ ಇಟ್ಟಳು.

ಈ ಸಲ ನೋಡಿದೆ. ಅಕಿ ಬೆಂಚಿನ ಕಡಿಯಿಂದ ಹೊಡದಿದ್ದು. ಅಕ್ಷರ ಸ್ವಚ್ಛ. 2, 5, 1, 2, 4. ನನ್ನ ಕೈಬರಹದಾಗೇ, ನಾನೇ ಬರದ ಎರಡು. ನನ್ನ ಫೋಟೋ ತೆಗದೆ. ಕಿಡಕಿ ಬಿಸಲು ಬೋರ್ಡಿಗೆ ಬಡದು ಅಲ್ಲಿ ಒಂದು ಬೆಳ್ಳನ ಪಟ್ಟಿ ಮೂಡಿತ್ತು. ನಾ ಅದನ್ನ ಖಾಲಿ ಜಾಗಾ ಅಂತ ತಿಳಕೊಂಡಿದ್ದೆ. ದೊಡ್ಡದು ಮಾಡಿ ನೋಡಿದ್ರ ಎರಡರ ಬಾಲ ಕಾಣತಿತ್ತು.

ಹಾಳಿ ತಗೊಂಡು ಬಿಡಿಸಿದೆ. 2, 5, 1 ಬಂದ್ವು, ಮೂರು ಫಾಲ್ಟ್. ಮತ್ತ 2 ಕರದ್ರು. ಅದು ಒಳಗೇ ಅದ, ಫಾಲ್ಟ್ ಇಲ್ಲ. ಆದ್ರ ಈಗಷ್ಟೇ ಕರದದ್ದಕ್ಕ ಅದು ಹೊಸದಾತು, 5 ಎಲ್ಲಕ್ಕಿಂತ ಹಳೇದಾತು. 4 ಬಂತು, 5 ಹೊರಗ ಹೋತು. ಮರುಕ್ಷಣ 5ನ್ನೇ ಕರದ್ರು, ಅದು ಇಲ್ಲ, ಮತ್ತೊಂದು ಫಾಲ್ಟ್. ನನ್ನ ಫೋಟೋದಾಗ ಆ ನಡುವಿನ 2 ಇಲ್ಲದಕ್ಕ 4 ಬಂದಾಗ 2 ಹೊರಗ ಹೋಗಿ, 5 ಒಳಗೇ ಕುಂತಿತ್ತು. ಮುಂದ 3, 2, 1 ಒಂದೊಂದು ಫಾಲ್ಟ್, ಉಳದ 5 ಎರಡೂ ಸಲ ಒಳಗೇ. ನಜೀಮಾಂದು ಎಂಟು. ಎಂಟೇ ಸರಿ ಇತ್ತು. ಅಕಿಗೆ ಹತ್ತು ಮಾರ್ಕ್ಸ್ ಬರಬೇಕಾಗಿತ್ತು.

"ತಪ್ಪು ನಂದವ್ವಾ" ಅಂದೆ.

"ನಂಗ ಅವತ್ತೇ ಗೊತ್ತಿತ್ರಿ" ಅಂದ್ಲು.

ಪ್ರಿನ್ಸಿಪಾಲ್ ಖಂಡಪ್ಪ ಸರ್ ಕಡಿ ಓಡಿದೆ. ಎರಡೂ ಫೋಟೋ ಹಚ್ಚಿ, ತಪ್ಪು ನಂದು ಅಂತ ಸಹಿ ಮಾಡಿ ಕಾಗದ ಬರದೆ. ಅವರು ಪಾಪ, ಅವತ್ತೇ ಕಳಿಸಿದ್ರು, ಫೋನೂ ಹಚ್ಚಿದ್ರು. ಮೂರನೇ ದಿನ ಉತ್ತರ ಬಂತು. ಪೋರ್ಟಲ್ ಮುಚ್ಚಿದ ಮ್ಯಾಲ ತಿದ್ದುಪಡಿಗೆ ಅವಕಾಶ ಇಲ್ಲ, ವಿದ್ಯಾರ್ಥಿ ಮುಂದಿನ ಸಲ ಕೂಡಬಹುದು. ಅಕಿಗೆ ಮುಂದಿನ ಸಲ ಎಲ್ಲಿಂದು? ಪರೀಕ್ಷಾ ಶುರುವಾಗಿ ಮುಗದೂ ಹೋತು. ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತ ಆದಮ್ಯಾಲ ಬರ್ತದೇನು? ಇಲ್ಲಿ ಕೊಯ್ದಾಂವ ನಾನು, ಮೂಗು ಮಾತ್ರ ಮತ್ತೊಬ್ಬರದು.

ಲೈಬ್ರರಿ ಪುಸ್ತಕ ತಿರುಗಿ ಕೊಡಾಕ ಬಂದಾಗ ಅಕಿ ಒಂದೇ ಮಾತು ಕೇಳಿದ್ಲು.

"ಸರ್, ಡಿಗ್ರಿ ಹೋತು, ಹೋಗ್ಲಿ. ನಾ ಕಾಪಿ ಹೊಡದು ಸಿಕ್ಕೀನಿ ಅಂತ ಊರ ಮಂದಿ ಎಲ್ಲಾ ಅಂತದ. ನಮ್ಮ ಅತ್ತಿ ಮುಂದರೆ ಖರೇ ಹೇಳ್ರಿ. ನನ್ನ ಕೂಸಿನ್ನ ಆಡಿಸಿ ನನಗ ಓದಾಕ ಕಳಿಸಿದಾಕಿ ಅಕಿ."

ಐತವಾರ ಕೆಂಭಾವಿಗೆ ಹೋದೆ. ಅತ್ತಿ ಜೈತುನಬೀ ಚಾಪಿ ಹಾಸಿ ಕೂಡಿಸಿದ್ಲು, ಚಾ ಕೊಟ್ಟಳು. ನಜೀಮಾ ಕೂಸಿನ್ನ ಎತ್ಕೊಂಡು ಬಾಗಲಕ್ಕ ಆನಕೊಂಡು ನಿಂತಿದ್ಲು. ನಾ ಬೋರ್ಡು, ಬಿಸಲು, ಫೋಟೋ ಎಲ್ಲಾ ಹೇಳಿದೆ. ಎಷ್ಟು ತಿಳೀತೋ ಏನೋ, ಮುದುಕಿ ಕಣ್ಣು ಮಿಟಕಿಸದ ಕೇಳಿದ್ಲು.

"ಅಂದ್ರ ನನ್ನ ಸೊಸಿ ಕದ್ದು ಬರದಿಲ್ಲ?"

"ಇಲ್ರಿ ಅವ್ವಾ. ಅಕಿ ಬರದದ್ದು ಪೂರಾ ಸರಿ. ತಪ್ಪಿದಾಂವ ನಾನು."

ಮುದುಕಿ ಮಾರಿ ಅರಳ್ತು. ತಿರುಗಿ ಸೊಸಿ ಕಡಿ ನೋಡಿದ್ಲು, "ನಾ ಹೇಳಿರಲಿಲ್ಲ?" ಅಂತ ನಕ್ಕಳು. ಆಮ್ಯಾಲ ನನ್ನ ಕೈ ಹಿಡಕೊಂಡ್ಲು.

"ಅಲ್ಲಾ ನಿನಗ ಛಲೋ ಮಾಡಲಿ ಯಪ್ಪಾ. ಹಂಗಾದ್ರ ಪಾಸಾದ್ಲಲ್ಲ? ಡಿಗ್ರಿ ಕಾಗದ ಯಾವಾಗ ಕೊಡ್ತೀರಿ?"

ನಾ ನಜೀಮಾನ ಕಡಿ ನೋಡಿದೆ. ಅಕಿ ಕೂಸಿನ ತಲಿ ಸವರಕೋತ ನೆಲ ನೋಡಾಕತ್ತಿದ್ಲು. ಮುದುಕಿ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.