ಸೇತುವೆಯಲ್ಲಿ ಇಳಿಯದ ದಿನ

ನಮ್ಮ ಬಸ್ಸಿನ ಕಂಡಕ್ಟರ್ ಒಳ್ಳೆಯ ಮನುಷ್ಯ. ನನ್ನ ಕಷ್ಟವನ್ನು ಹೆಚ್ಚಿಸಿದ್ದೇ ಅವನ ಒಳ್ಳೆಯತನ.

ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಅಂಗಡಿ ಇರುವುದು ಕೊನೆಯ ಸ್ಟಾಪಿನಲ್ಲಿ. ಕೆಲವು ತಿಂಗಳಿಂದ ನಾನು ಇಳಿಯುತ್ತಿದ್ದದ್ದು ಮಾತ್ರ ಅರ್ಧ ದಾರಿಯಲ್ಲಿ, ಸೇತುವೆಯ ಬಳಿ. ಬಸ್ಸು ತುಂಬುತ್ತಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಬೆರಳು ಜೋಮು ಹಿಡಿಯುತ್ತಿತ್ತು, ಇನ್ನೇನು ಪ್ರಾಣ ಹೋಯಿತು ಅನ್ನಿಸುತ್ತಿತ್ತು. ಇಳಿದು ಸೇತುವೆಯ ಕಂಬಿ ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೆ ಎಲ್ಲ ಶಾಂತ. ಉಳಿದ ದಾರಿ ಕಾಲ್ನಡಿಗೆ, ಅಂಗಡಿಗೆ ತಡ. ದಿನಾ ಅಲ್ಲೇ ಇಳಿಯುವುದನ್ನು ಗಮನಿಸಿದ ಕಂಡಕ್ಟರ್, ನಾನು ಕೇಳದಿದ್ದರೂ ಸೇತುವೆ ಬಂದ ಕೂಡಲೇ ಸೀಟಿ ಹೊಡೆದು, ಜನರನ್ನು ಸರಿಸಿ ದಾರಿ ಮಾಡಿಕೊಡುತ್ತಿದ್ದ.

"ಇನ್ನೊಂದ್ ಸಲ ಲೇಟಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ ಕಣಮ್ಮ," ಎಂದರು ಅಂಗಡಿಯ ಯಜಮಾನರು. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ಅವರು ಮೆತ್ತಗೆ ಹೇಳಿದರು, ಅದಕ್ಕೇ ಆ ಮಾತು ನಿಜ ಅನ್ನಿಸಿತು. ನನಗೆ ಬರುವ ಕೆಲಸ ಅದೊಂದೇ.

ಅತ್ತಿಗೆ ಹೇಳಿದ ಉಪಾಯ, "ಜೋರಾಗಿ ಉಸಿರೆಳ್ಕೋ." ಎಳೆದುಕೊಂಡೆ. ತಲೆ ಇನ್ನಷ್ಟು ಗಿರ್ ಅಂದಿತು.

ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋದೆ. ಹೃದಯದ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಸರಿಯಾಗಿಯೇ ಬಂದವು. ಆಮೇಲೆ ಆಕೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬೇಕೆಂದೇ ಬೇಗಬೇಗ ಉಸಿರಾಡಿಸಿದರು. ಸ್ವಲ್ಪ ಹೊತ್ತಿಗೆ ಅದೇ ಜೋಮು, ಅದೇ ತಲೆಸುತ್ತು!

"ನೋಡಿದ್ರಾ? ಉಸಿರು ಸಾಲದೆ ಬಂದದ್ದಲ್ಲ ಇದು, ಹೆಚ್ಚಾಗಿ ಬಂದದ್ದು," ಎಂದರು. "ಅಪಾಯ ಇದೆ ಅಂತ ಮೈ ಸುಳ್ಳು ಗಂಟೆ ಹೊಡೀತಿದೆ. ಅದು ಕೆಲವು ನಿಮಿಷ ಏರತ್ತೆ, ಆಮೇಲೆ ತಾನೇ ಇಳಿಯತ್ತೆ. ನೀವು ಬಸ್ಸಿಂದ ಇಳಿದಿದ್ದಕ್ಕೆ ಬದುಕಿದೆ ಅಂದ್ಕೊಂಡಿದೀರಿ. ಇಳೀದಿದ್ರೂ ಅದು ಇಳೀತಿತ್ತು. ಅದು ನಿಮಗೆ ಗೊತ್ತಾಗೋಕೆ ನೀವೇ ಅವಕಾಶ ಕೊಟ್ಟಿಲ್ಲ."

ಬಾಯಲ್ಲಿ ಹೇಳುವುದು ಸುಲಭ. ಆಕೆಯೇನು ಆ ಬಸ್ಸಿನಲ್ಲಿ ಬರುತ್ತಾರೆಯೇ?

ಮರುದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಯಾವಾಗಲೂ ಬಾಗಿಲ ಪಕ್ಕ ನಿಲ್ಲುವವಳು. ಅಂದು ಬೇಕೆಂದೇ ಒಳಗೆ ನುಗ್ಗಿದೆ. ಸೇತುವೆ ದೂರವಿರುವಾಗಲೇ ಶುರುವಾಯಿತು. ಬೆನ್ನಲ್ಲಿ ಬೆವರು, ಬೆರಳಲ್ಲಿ ಜೋಮು. ಸುತ್ತಲಿನ ಮುಖಗಳು ಗಾಜಿನ ಆಚೆ ಇದ್ದಂತೆ ದೂರವಾದವು.

ಬಸ್ಸು ನಿಂತಿತು.

"ಅಕ್ಕಾ, ನಿಮ್ ಸ್ಟಾಪು! ದಾರಿ ಬಿಡ್ರೀ, ಅಕ್ಕ ಇಳೀಬೇಕು!"

ಜನ ಸರಿದರು. ಬಾಗಿಲು ತೆರೆದಿತ್ತು. ಕಾಲು ತಾನಾಗಿಯೇ ಒಂದು ಹೆಜ್ಜೆ ಎತ್ತಿತು. ಇಳಿದರೆ ಜೀವ ಹಗುರ, ಆದರೆ ಕೆಲಸ ಹೋಯಿತು.

"ಇಲ್ಲ, ಹೋಗ್ಲಿ," ಎಂದೆ. ಅದು ಯಾರಿಗೂ ಕೇಳಿಸಲಿಲ್ಲ.

"ಇಳೀತೀರಾ ಇಲ್ವಾ? ಹೊತ್ತಾಗ್ತಿದೆ!" ಎಂದು ಹಿಂದಿನಿಂದ ಯಾರೋ ರೇಗಿದರು.

"ಇಳಿಯಲ್ಲ!" ಎಂದು ಕಿರುಚಿದೆ.

ಸೀಟಿ ಕೇಳಿಸಿತು. ಬಸ್ಸು ಹೊರಟ ಆ ಗಳಿಗೆಯಲ್ಲಿ ಭಯ ಇಮ್ಮಡಿಯಾಯಿತು. ಇನ್ನು ಬಾಗಿಲಿಲ್ಲ. ಬಿದ್ದುಬಿಡುತ್ತೇನೆ, ಹುಚ್ಚಿಯ ಹಾಗೆ ಕೂಗಿಬಿಡುತ್ತೇನೆ ಎಂದೆಲ್ಲ ಬಂತು. ತಂಗಿಗೆ ಫೋನ್ ಮಾಡಲು ಕೈ ಚೀಲಕ್ಕೆ ಹೋಯಿತು. ಅದೂ ಇಳಿದು ಓಡಿದಂತೆಯೇ ಅನ್ನಿಸಿ ಹಿಂದಕ್ಕೆ ತೆಗೆದೆ. ಬಾ, ಎಷ್ಟು ಬರುತ್ತೀಯೋ ಬಾ ಎಂದು ಭಯಕ್ಕೆ ಮನಸ್ಸಿನಲ್ಲೇ ಬೈದೆ. ಅದನ್ನು ತಡೆಯಲು ಬಿಗಿಹಿಡಿದಿದ್ದ ಭುಜಗಳನ್ನು ಸಡಿಲ ಬಿಟ್ಟೆ. ಗಾಳಿ ನುಂಗುವುದನ್ನು ನಿಲ್ಲಿಸಿ, ಮೂಗಿನಿಂದ ಸ್ವಲ್ಪವೇ ಎಳೆದು, ಬಿಸಿ ಹಾಲನ್ನು ಆರಿಸುವಂತೆ ನಿಧಾನವಾಗಿ ಹೊರಬಿಟ್ಟೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹೊಡೆದುಕೊಳ್ಳಲಿ. ಎದುರಿನ ಅಜ್ಜನ ಕನ್ನಡಕ ನೋಡಿದೆ. ಎಡಗಿವಿಯ ಕಡ್ಡಿ ಸಡಿಲ, ಮೂಗಿನ ಆಸರೆ ವಾಲಿದೆ, ಯಾರು ಕೂರಿಸಿದರೋ ಮಹಾನುಭಾವರು! ಭಯದ ನಡುವೆಯೂ ಸಿಟ್ಟು ಬಂತು.

ಭಯ ಒಮ್ಮೆ ಇಳಿಯಿತು ಅಂದುಕೊಂಡೆ, ಮತ್ತೆ ಏರಿತು. ಕಣ್ಣಲ್ಲಿ ನೀರು ಬಂತು. ಆದರೆ ಎರಡನೆಯದು ಮೊದಲಿನಷ್ಟು ಏರಲಿಲ್ಲ. ಬೆರಳಿಗೆ ಬಸ್ಸಿನ ಕಂಬಿಯ ತಣ್ಣಗಿನ ಸ್ಪರ್ಶ ತಿಳಿಯತೊಡಗಿತು. ಆಮೇಲೆ ಅಕ್ಕಪಕ್ಕದ ಮಾತು ಕೇಳಿಸಿತು. ನಾನು ಇಳಿದಿರಲಿಲ್ಲ, ಭಯವೇ ಇಳಿಯುತ್ತಿತ್ತು.

ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಯಿತು. ರವಿಕೆ ಬೆವರಿಗೆ ಬೆನ್ನಿಗೆ ಅಂಟಿತ್ತು. ನಾಳೆಯೂ ಇದೇ ಪಾಡು ಎಂಬುದು ಗೊತ್ತಿತ್ತು. ಎದುರಿಗೆ ನಮ್ಮ ಅಂಗಡಿ, ಯಜಮಾನರು ಆಗಷ್ಟೇ ಬಾಗಿಲು ಎತ್ತುತ್ತಿದ್ದರು.

ಕಂಡಕ್ಟರ್ ಮೆಟ್ಟಿಲ ಬಳಿ ನನ್ನನ್ನೇ ನೋಡುತ್ತಿದ್ದ. "ಇವತ್ಯಾಕಕ್ಕಾ ಇಷ್ಟು ದೂರ?"

"ನಾನು ಕೆಲ್ಸ ಮಾಡೋದೇ ಇಲ್ಲಿ."

ಅವನ ಮುಖ ಸಣ್ಣದಾಯಿತು. "ಮತ್ತೆ ನಾನು ದಿನಾ ನಿಮ್ಮನ್ನ ಅಲ್ಲೇ ಇಳಿಸ್ಬಿಡ್ತಿದ್ನಲ್ಲಕ್ಕಾ!"

"ನಾಳೆ ಇಳಿಸ್ಬೇಡಪ್ಪ," ಎಂದೆ. "ನಾನೇ ಕೇಳಿದ್ರೂ ಇಳಿಸ್ಬೇಡ."