ಮೂಗಿಗೆ ಹಿಡಿದ ಮೋಟಾರು

ನಮ್ಮವರ ಕೈಗೆ ಮಿಕ್ಸಿ ಕೊಟ್ಟರೆ ಮೊದಲು ಸ್ಕ್ರೂಡ್ರೈವರ್ ಹುಡುಕುವುದಿಲ್ಲ. ಅದನ್ನು ಬೋರಲು ಮಾಡಿ, ತಳದ ಗಾಳಿ ಕಂಡಿಗಳನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಒಂದು ಉಸಿರು ಎಳೆಯುತ್ತಾರೆ. "ವೈಂಡಿಂಗ್ ಹೋಗಿದೆ" ಅಥವಾ "ಬರೀ ಕಾರ್ಬನ್ ಸವೆದಿದೆ." ಆಮೇಲೆ ಬಿಚ್ಚಿ ನೋಡಿದರೆ ಹೇಳಿದ ಹಾಗೇ ಇರುತ್ತದೆ. ಈ ಪೇಟೆಯಲ್ಲಿ ಅವರಿಗೆ ಮೂಗಿನ ಮೇಸ್ತ್ರಿ ಎಂದೇ ಹೆಸರು. ಮದುವೆಯಾದ ಹೊಸದರಲ್ಲಿ ನನಗೆ ಇದೊಂದು ನಾಟಕದಂತೆ ಕಂಡಿತ್ತು. ವೈಂಡಿಂಗ್ ಎಂಬ ಆ ತಂತಿಯ ಸುತ್ತು ಸುಟ್ಟಾಗ ಅದರ ಮೇಲಿನ ವಾರ್ನಿಶ್ ಎಷ್ಟು ಕಟುವಾಗಿ ನಾರುತ್ತದೆ ಎಂದು ಗೊತ್ತಾದ ಮೇಲೆ ನಗುವುದನ್ನು ಬಿಟ್ಟೆ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುವವಳು ನಾನು. ಮೋಟಾರಿನ ವಿಷಯಕ್ಕೆ ಮಾತ್ರ ತಲೆ ಹಾಕಿದವಳಲ್ಲ.

ಆ ದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಮರೆತೆ. ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಬೇರೆ ಹಾಲಿರಲಿಲ್ಲ, ಅದರಲ್ಲೇ ಕಾಫಿ ಮಾಡಿ, ಬೈಗುಳಕ್ಕೆ ಸಿದ್ಧಳಾಗಿ ಮುಂದಿಟ್ಟೆ. ಒಂದು ಸಾಸಿವೆ ಹೆಚ್ಚು ಸೀದರೂ ಊರಿಗೆಲ್ಲ ಕೇಳುವ ಹಾಗೆ ಹೇಳುವ ಮನುಷ್ಯ, ಲೋಟ ಖಾಲಿ ಮಾಡಿ, "ಚೆನ್ನಾಗಿದೆ ಕಣೇ" ಎಂದು ಚಪ್ಪಲಿ ಮೆಟ್ಟಿದರು. ಈಚೆಗೆ ಜ್ವರದಲ್ಲಿ ಮಲಗಿ ಎದ್ದ ಮೇಲೆ ಸ್ವಭಾವ ಮೆತ್ತಗಾಗಿದೆ, ಸದ್ಯ ಬದುಕಿದೆ ಎಂದುಕೊಂಡೆ. ಎಂಥ ಪೆದ್ದಿ ನಾನು!

ಅಂಗಡಿ ತೆರೆದು ಇನ್ನೂ ಕಸ ಗುಡಿಸಿರಲಿಲ್ಲ, ಟೀಚರಮ್ಮ ಮಿಕ್ಸಿ ತಬ್ಬಿಕೊಂಡು ಬಂದರು. ಅವರ ತಾಯಿಗೆ ಲಕ್ವ ಹೊಡೆದು ನುಂಗುವುದೇ ಕಷ್ಟ. ಅನ್ನ, ತರಕಾರಿ, ಏನೇ ಆದರೂ ನುಣ್ಣಗೆ ಅರೆದು ಚಮಚದಲ್ಲಿ ಕೊಡಬೇಕು.

"ನಿನ್ನೆ ರುಬ್ತಾ ರುಬ್ತಾ ನಿಂತೋಯ್ತು. ಅಮ್ಮಂಗೆ ಹೊಟ್ಟೆಗೆ ಬರೀ ಗಂಜಿ ನೀರು. ಈಗ್ಲೇ ಆಗುತ್ತಾ ಮೇಸ್ತ್ರಿ? ನಾನು ಇಲ್ಲೇ ಕೂತಿರ್ತೀನಿ."

ನಮ್ಮವರು ಮಿಕ್ಸಿಯನ್ನು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು.

"ವೈಂಡಿಂಗ್ ಚೆನ್ನಾಗಿದೆ. ಕಾರ್ಬನ್ ಅಷ್ಟೇ."

ತಳ ಬಿಚ್ಚಿ, ಮೋಟಾರಿನ ಎರಡು ಪಕ್ಕದ ಹಿಡಿಗಳಿಂದ ಕಾರ್ಬನ್ ತುಂಡುಗಳನ್ನು ಎಳೆದು ತೋರಿಸಿದರು. ನಿಜವೇ. ಒಂದಂತೂ ಬೆರಳ ಉಗುರಿಗಿಂತ ಮೋಟಾಗಿತ್ತು. ಹಿಂದಿನ ಸ್ಪ್ರಿಂಗ್ ಎಷ್ಟು ಚಾಚಿದರೂ ಅದು ತಾಮ್ರದ ಪಟ್ಟಿಗಳನ್ನು ಮುಟ್ಟುತ್ತಿರಲಿಲ್ಲ. ಕರೆಂಟಿಗೆ ದಾರಿಯೇ ಇಲ್ಲದೆ ಮೋಟಾರು ನಿಂತಿತ್ತು. ಹೊಸ ಜೋಡಿ ಹಾಕಿ ಸ್ವಿಚ್ ಒತ್ತಿದರು. ಗುರ್ರ್ ಎಂದು ತಿರುಗಿತು. ಟೀಚರಮ್ಮನ ಮುಖ ಅರಳಿತು.

ಆದರೆ ನನ್ನ ಮೂಗಿಗೆ ಬಡಿಯಿತು, ಸುಟ್ಟ ವಾರ್ನಿಶ್. ಬಗ್ಗಿ ನೋಡಿದರೆ ತಾಮ್ರದ ಪಟ್ಟಿಗಳ ಸುತ್ತ ಕಿಡಿ ಬಳೆಯ ಹಾಗೆ ಸುತ್ತುತ್ತಿತ್ತು.

"ರೀ, ಕಿಡಿ ಜಾಸ್ತಿ ಬರ್ತಿದೆಯಲ್ವಾ?"

"ಹೊಸ ಕಾರ್ಬನ್ ಕಣೇ, ಸವೆದು ಕೂರೋವರೆಗೂ ಬರುತ್ತೆ. ಸುಮ್ನಿರು."

ಅದೂ ಸುಳ್ಳಲ್ಲ, ಹೊಸದು ಒಗ್ಗುವವರೆಗೆ ಸ್ವಲ್ಪ ಕಿಡಿ ಸಹಜ. ಆದರೆ ಈ ವಾಸನೆ? ಎರಡು ಗೇಣು ದೂರದಲ್ಲಿ ನಿಂತ ನನಗೆ ಗಂಟಲು ಕೆರೆಯುತ್ತಿದೆ, ಮೋಟಾರಿನ ಮೇಲೆಯೇ ಬಾಗಿರುವ ಮೂಗಿನ ಮೇಸ್ತ್ರಿಗೆ ಏನೂ ಇಲ್ಲ. ಬೆಳಗಿನ ಕಾಫಿ ನೆನಪಾಯಿತು.

ಅವರು ತಳ ಮುಚ್ಚಿ ಸ್ಕ್ರೂ ಬಿಗಿಯುತ್ತಿದ್ದರು. ಟೀಚರಮ್ಮ ಚೀಲದ ಬಾಯಿ ಅಗಲಿಸಿ ನಿಂತಿದ್ದರು. ಬಾಯಿ ಬಿಟ್ಟರೆ ಇವರ ಹೆಸರು ಮಣ್ಣುಪಾಲು. ಬಿಡದಿದ್ದರೆ ಆ ಮಿಕ್ಸಿ ಇವತ್ತೋ ನಾಳೆಯೋ ಹೊಗೆ ಉಗುಳುತ್ತದೆ, ಹಾಸಿಗೆ ಹಿಡಿದ ಮುದುಕಿ ಮತ್ತೆ ಗಂಜಿ ನೀರು ಕುಡಿಯುತ್ತಾಳೆ.

"ತಡೀರಿ ಟೀಚರಮ್ಮ," ಎಂದೆ. "ಹೊಸ ಕಾರ್ಬನ್ ಅಲ್ವಾ, ಸ್ವಲ್ಪ ಹೊತ್ತು ಓಡಿಸಿ ನೋಡಿ ಕೊಡ್ತೀವಿ. ಅಲ್ಲೀವರೆಗೂ ನಮ್ಮ ಮನೆ ಮಿಕ್ಸಿ ತಗೊಂಡೋಗಿ. ಅಮ್ಮ ಹಸ್ಕೊಂಡಿರ್ತಾರೆ."

ನಮ್ಮವರು ನನ್ನನ್ನು ನುಂಗುವಂತೆ ನೋಡಿದರು. ನಾನು ಹಿಂದಿನ ಮನೆಗೆ ಹೋಗಿ ಮಿಕ್ಸಿ ತಂದು, ಜಾರಿನ ಸಮೇತ ಚೀಲಕ್ಕೆ ಹಾಕಿ ಕಳಿಸಿದೆ.

ಟೀಚರಮ್ಮ ಬೀದಿ ತಿರುಗುವುದೇ ತಡ, ಇವರು ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದರು. "ಗಿರಾಕಿ ಮುಂದೆ ಮಾನ ಕಳೀತೀಯಾ? ಯಾವತ್ತಿಂದ ನೀನು ಮೇಸ್ತ್ರಿ ಆದೆ?"

"ಬೆಳಿಗ್ಗೆ ಕಾಫಿ ಹೇಗಿತ್ತು?"

"ಏನು?"

"ಹಾಲು ತಳ ಹಿಡಿದು ಸೀದು ಹೋಗಿತ್ತು. ನಂಗೆ ಒಂದು ಗುಟುಕೂ ನುಂಗೋಕಾಗ್ಲಿಲ್ಲ. ನೀವು ಚೆನ್ನಾಗಿದೆ ಅಂದ್ರಿ."

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. ಮೇಜಿನ ಮೇಲಿದ್ದ ಸವೆದ ಕಾರ್ಬನ್ ತುಂಡನ್ನು ತೆಗೆದು ಅಂಗೈಯಲ್ಲಿ ಹೊರಳಿಸುತ್ತಾ ಕೊನೆಗೆ ಹೇಳಿದರು:

"ಜ್ವರ ಬಿಟ್ಟಾಗಿಂದ ಏನೂ ಗೊತ್ತಾಗ್ತಿಲ್ಲ ಕಣೇ. ಸೋಪೂ ಅಷ್ಟೇ, ಸೀಮೆಎಣ್ಣೇನೂ ಅಷ್ಟೇ."

"ಮತ್ತೆ ಇಷ್ಟು ದಿನ ಮೂಗಿಗೆ ಹಿಡಿದು ಹೇಳ್ತಿದ್ದದ್ದು?"

"ಸಂಜೆ ಬನ್ನಿ ಅಂತ ಕಳಿಸಿಬಿಡ್ತಿದ್ದೆ. ಆಮೇಲೆ ಮೀಟರು, ಬಲ್ಬು ಎಲ್ಲಾ ಹಿಡಿದು ಸರಿಯಾಗಿ ನೋಡ್ತಿದ್ದೆ. ಯಾವುದನ್ನೂ ಕೆಟ್ಟದಾಗಿ ಕಳಿಸಿಲ್ಲ, ನಿನ್ನಾಣೆ. ಇವತ್ತು ಆಯಮ್ಮ ಎದುರಿಗೇ ಕೂತ್ಲು. ಮೂಗಿನ ಮೇಸ್ತ್ರಿಗೆ ಮೀಟರ್ ಯಾಕೆ ಅಂದ್ರೆ ಏನು ಹೇಳ್ಲಿ? ಕಾರ್ಬನ್ನೂ ಸವೆದಿತ್ತು. ಅಷ್ಟೇ ಇರುತ್ತೆ ಅಂದ್ಕೊಂಡೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸುಳ್ಳು ಹೇಳಿದರು ಎಂದಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುವವಳಿಗೆ ಹೇಳದೆ ಒಬ್ಬರೇ ನುಂಗಿಕೊಂಡಿದ್ದರಲ್ಲ, ಅದಕ್ಕೆ. "ನಾನೇನು ಸತ್ತು ಹೋಗಿದ್ನಾ?" ಎಂದು ಕೂಗಿ ಅತ್ತುಬಿಟ್ಟೆ. ಅವರ ಕಣ್ಣೂ ತುಂಬಿತು.

ಸ್ವಲ್ಪ ಹೊತ್ತಾದ ಮೇಲೆ ಎದ್ದು ಮತ್ತೆ ಮೋಟಾರು ಬಿಚ್ಚಿದರು. ಹೊರಗಿನ ಎರಡು ಸುರುಳಿಗಳಿಗೆ ಒಂದೊಂದಾಗಿ ಮೀಟರ್ ಹಿಡಿದರು. ಎರಡೂ ಒಂದೇ ಲೆಕ್ಕ ತೋರಿಸಿದವು, ಅವು ಚೆನ್ನಾಗಿವೆ. ನಡುವೆ ತಿರುಗುವ ಆರ್ಮೇಚರನ್ನು ಹೊರತೆಗೆದು ಸೀರೀಸ್ ಬಲ್ಬಿನ ಒಂದು ತಂತಿಯನ್ನು ತಾಮ್ರದ ಪಟ್ಟಿಗೆ, ಇನ್ನೊಂದನ್ನು ಅದರ ದಂಡಕ್ಕೆ ಮುಟ್ಟಿಸಿದರು. ಬಲ್ಬು ಉರಿಯಲಿಲ್ಲ, ಕರೆಂಟು ದಂಡಕ್ಕೆ ಸೋರುತ್ತಿಲ್ಲ. ಕೊನೆಗೆ ಅದನ್ನು ಗ್ರೌಲರ್ ಮೇಲೆ ಮಲಗಿಸಿದರು. ಅದು ಎರಡು ಕವಲಿನ ಕಬ್ಬಿಣ, ಕರೆಂಟು ಕೊಟ್ಟರೆ ಗುಂಯ್‌ಗುಡುತ್ತದೆ. ಆರ್ಮೇಚರಿನ ಮೇಲೆ ಹ್ಯಾಕ್ಸಾ ಬ್ಲೇಡು ಹಿಡಿದು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಂದರು. ಒಂದೊಂದು ಸಂದಿ ದಾಟಿದರೂ ಬ್ಲೇಡು ಸುಮ್ಮನಿತ್ತು. ಒಂದು ಕಡೆ ಬಂದದ್ದೇ ಟರ್ರ್ ಎಂದು ಅದುರತೊಡಗಿತು.

"ಇಲ್ಲಿ ತಂತಿ ಒಂದಕ್ಕೊಂದು ಕೂಡ್ಕೊಂಡಿದೆ," ಎಂದರು. "ಆರ್ಮೇಚರ್ ಸುಟ್ಟಿದೆ. ಹಾಗೇ ಕೊಟ್ಟಿದ್ರೆ ವಾರ ಬರ್ತಿರ್ಲಿಲ್ಲ." ಬ್ಲೇಡು ಕೆಳಗಿಟ್ಟು, ಆರ್ಮೇಚರನ್ನು ನನ್ನ ಮುಂದೆ ಹಿಡಿದರು. "ವಾಸನೆ ಹೇಗಿದೆ, ಹೇಳು."

"ಸುಟ್ಟ ವಾಸನೆ."

"ಹಾಗಲ್ಲ. ಸರಿಯಾಗಿ ಹೇಳು."

ಮತ್ತೆ ಮೂಗಿಗೆ ಹಿಡಿದೆ. "ಕಹಿ. ಬೆಲ್ಲ ಸೀದ ಹಾಗೆ ಶುರುವಾಗುತ್ತೆ, ಆಮೇಲೆ ಗಂಟಲಿಗೆ ಹತ್ತುತ್ತೆ."

"ಹ್ಞೂಂ," ಎಂದರು, ಹಸಿದವರು ಊಟದ ಮಾತು ಕೇಳುವ ಹಾಗೆ. "ಅದೇ. ಅದೇ ಅದು."

ಸಂಜೆ ಟೀಚರಮ್ಮ ಬಂದಾಗ ನಾನು ಏನಾದರೊಂದು ನೆಪ ಹೇಳಲು ಬಾಯಿ ತೆರೆದೆ. ಇವರು ಕೈ ಅಡ್ಡ ಹಿಡಿದರು.

"ಬೆಳಿಗ್ಗೆ ನಾನು ಹೇಳಿದ್ದು ತಪ್ಪು ಟೀಚರಮ್ಮ. ಆರ್ಮೇಚರ್ ಸುಟ್ಟಿದೆ, ಹೊಸದು ತರಿಸಿ ಹಾಕ್ತೀನಿ. ಜ್ವರ ಬಂದು ನನ್ನ ಮೂಗು ಹೋಯ್ತು. ಕಂಡುಹಿಡಿದಿದ್ದು ಇವಳು."

ಟೀಚರಮ್ಮ ಒಂದು ಗಳಿಗೆ ಇವರನ್ನೇ ನೋಡಿದರು. "ಅಮ್ಮ ಇವತ್ತು ಹೊಟ್ಟೆ ತುಂಬ ಉಂಡ್ರು ಮೇಸ್ತ್ರಿ. ನಿಮ್ಮ ಮಿಕ್ಸಿ ಅಲ್ಲೇ ಇರ್ಲಿ, ನಿಧಾನ ಮಾಡಿ" ಎಂದು ಹೊರಟರು.

ಮಾರನೆಯ ದಿನ ಹೋಟೆಲಿನವನು ತನ್ನ ಮಿಕ್ಸಿಯನ್ನು ತಂದು, ವಾಡಿಕೆಯಂತೆ ಬೋರಲು ಮಾಡಿ ಇವರ ಮುಖದ ಮುಂದೆ ಹಿಡಿದ. ಇವರು ಅದನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದರು. ಹೋಟೆಲಿನವನು ಕಣ್ಣು ಕಣ್ಣು ಬಿಟ್ಟ. ನಾನು ಕಣ್ಣು ಮುಚ್ಚಿ ಉಸಿರು ಎಳೆದೆ.

"ಬರೀ ಕಾರ್ಬನ್," ಎಂದೆ.

ನಮ್ಮವರು ತಲೆಯಾಡಿಸಿ, ಹೋಟೆಲಿನವನ ಎದುರಿಗೇ ಮೀಟರನ್ನೂ ಬಲ್ಬನ್ನೂ ಎಳೆದುಕೊಂಡು ಕೂತರು. ನನ್ನ ಮಾತನ್ನಷ್ಟೇ ನಂಬದೆ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿದರು. ನನಗೆ ಸಿಟ್ಟು ಬರಲಿಲ್ಲ.